ಇಬ್ಬರಿಗೂ ಒಂದೇ ಮೇಲ್

ಆ ಮೇಲನ್ನು ನಾನು ಇನ್ನೂ ಅಳಿಸಿಲ್ಲ. ಯಾವಾಗಲಾದರೂ ತೆಗೆದು ಓದಿದರೆ ಮೈಯೆಲ್ಲ ಹೇಸಿಗೆಯಾಗುತ್ತದೆ. ಬರೆದವನು ನಾನೇ. ಅದರಲ್ಲಿ ಕೆಟ್ಟ ಮಾತು ಒಂದೂ ಇಲ್ಲ. ಎಲ್ಲ ಸಕ್ಕರೆ, ಎಲ್ಲ ಬೆಣ್ಣೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಇಂದಿರಾನಗರದ ಒಂದು ಸಣ್ಣ ಆಫೀಸಿನಲ್ಲಿ ಯಂತ್ರಗಳ ಕೈಪಿಡಿ ಬರೆಯುವುದು ನನ್ನ ಕೆಲಸ. ಯಾವ ಬೋಲ್ಟನ್ನು ಯಾವ ದಿಕ್ಕಿಗೆ ತಿರುಗಿಸಬೇಕು, ಯಾವ ಮುಚ್ಚಳ ಮೊದಲು ಬಿಚ್ಚಬೇಕು ಎಂದು ನಾನು ಬರೆಯುತ್ತಿದ್ದೆ. ಅದಕ್ಕೆ ಚಿತ್ರ ಬರೆದುಕೊಡುತ್ತಿದ್ದವರು ಧಾರವಾಡದ ಕಡೆಯ ಒಬ್ಬ ಹೆಣ್ಣುಮಗಳು. ಯಾವ ಆಫೀಸಿಗೂ ಸೇರದೆ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದರು. ಕಗ್ಗದಾಸಪುರದಲ್ಲಿ ನಮ್ಮ ಮನೆಯಿಂದ ನಾಲ್ಕನೆಯ ಮನೆ, ಮಹಡಿಯಲ್ಲಿ ಬಾಡಿಗೆಗಿದ್ದರು. ನಮ್ಮ ತಾತ ರಾಗಿ ಬೆಳೆದ ಜಾಗದಲ್ಲೇ ಆ ಮನೆ ಎದ್ದಿತ್ತು. ಅವರು ಬರೆದ ಗೇರ್ ಬಾಕ್ಸ್ ಚಿತ್ರ ನೋಡಿದರೆ ಒಳಗೆ ಎಣ್ಣೆ ಹರಿಯುವುದೂ ಕಾಣುತ್ತದೆಯೇನೋ ಅನ್ನಿಸುತ್ತಿತ್ತು.

ಒಂದು ದಿನ ಮಾರತ್ತಹಳ್ಳಿಯ ಒಂದು ತರಬೇತಿ ಕಂಪನಿಯ ಮುಖ್ಯಸ್ಥ ಫೋನ್ ಮಾಡಿದ. ಯಾವುದೋ ಸಭೆಯಲ್ಲಿ ಕಾರ್ಡ್ ಕೊಟ್ಟು ಕೈಕುಲುಕಿದ್ದವನು. "ನಿಮ್ಮ ಹೊಸ ಮ್ಯಾನ್ಯುಯಲ್ ನೋಡ್ದೆ ಸರ್. ಡ್ರಾಯಿಂಗ್ಸ್ ಯಾರು ಮಾಡಿದ್ದು? ಒಂದು ಮೇಲ್ ಹಾಕಿ ಇಂಟ್ರೊಡ್ಯೂಸ್ ಮಾಡಿಬಿಡಿ, ಉಳಿದಿದ್ದು ನಾವು ನೋಡ್ಕೋತೀವಿ" ಎಂದ.

ನನಗೆ ಎಲ್ಲಿಲ್ಲದ ಹಿಗ್ಗು. ನಾಲ್ಕು ಜನರನ್ನು ಬಲ್ಲವನು ಎನಿಸಿಕೊಳ್ಳುವ ಚಪಲ ನನಗೆ ಆಗ ವಿಪರೀತವಿತ್ತು. ನಾಲ್ಕು ಮನೆ ಆಚೆ ಇದ್ದವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಬೇಕು ಅನ್ನಿಸಲೇ ಇಲ್ಲ. ಮನೆಯಲ್ಲಿ ಕೂತು ಕೆಲಸ ಮಾಡುವವರು ಬಂದ ಕೆಲಸವನ್ನು ಬೇಡ ಅನ್ನುತ್ತಾರೆಯೇ ಎಂಬ ಧಿಮಾಕು. ಮೇಲ್ ಯಾರಿಗೆ ಎಂದು ತುಂಬುವ 'ಟು' ಸಾಲಿನಲ್ಲಿ ಇಬ್ಬರ ವಿಳಾಸವನ್ನೂ ಅಕ್ಕಪಕ್ಕ ಕೂರಿಸಿ, ಇವರಂಥ ಕಲಾವಿದೆ ಇನ್ನೊಬ್ಬರಿಲ್ಲ, ನಮ್ಮ ಕಗ್ಗದಾಸಪುರದವರೇ, ನಿಮಗೆ ಖಂಡಿತ ನೆರವಾಗುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೊರೆದೆ. ಸಾಲದ್ದಕ್ಕೆ ಅವರ ಮೊಬೈಲ್ ನಂಬರನ್ನೂ ಸೇರಿಸಿ ಕಳಿಸಿ, ಟೀ ಕುಡಿಯಲು ಎದ್ದು ಹೋದೆ.

ಬರುವಷ್ಟರಲ್ಲಿ ಆತನ ಉತ್ತರ ನಮ್ಮಿಬ್ಬರಿಗೂ ಬಂದಿತ್ತು. ಅಯ್ಯೋ, ಇವರಾ, ನನ್ನ ಹಳೆಯ ಸಹೋದ್ಯೋಗಿ, ಪ್ರಪಂಚ ಎಷ್ಟು ಚಿಕ್ಕದು ನೋಡಿ, ಈ ವಾರವೇ ಭೇಟಿಯಾಗೋಣ. ಚಿತ್ರ ಬರೆಯುವವರಿಂದ ಸಂಜೆಯವರೆಗೆ ಸದ್ದಿಲ್ಲ. ಆಮೇಲೆ ಒಂದೇ ಸಾಲು: ಸದ್ಯಕ್ಕೆ ಬಿಡುವಿಲ್ಲ, ಕ್ಷಮಿಸಿ. ಅದಕ್ಕೆ ಆತ, ಪರವಾಗಿಲ್ಲ, ಬಿಡುವಾಗುವವರೆಗೆ ಕಾಯುತ್ತೇನೆ ಎಂದು ನನ್ನನ್ನೂ ಸೇರಿಸಿಯೇ ಬರೆದ. ನಾನು ಅದನ್ನು ಸೌಜನ್ಯ ಅಂದುಕೊಂಡೆ!

ಮೂರನೆಯ ದಿನ ಬೆಳಿಗ್ಗೆ ಅವರು ನಮ್ಮ ಮನೆಗೇ ಬಂದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಬಾಗಿಲಲ್ಲೇ ನಿಂತು ಮಾತಾಡಿದರು.

"ಆ ಮನಷ್ಯಾ ಹಿಂದಿನ ಕಂಪನ್ಯಾಗ ನನ್ನ ಟೀಮ್ ಲೀಡ್ ಇದ್ದಾರಿ. ನನ್ನ ಚಿತ್ರಕ್ಕೆಲ್ಲ ತನ್ನ ಹೆಸರು ಹಾಕ್ಕೊಂತಿದ್ದಾ. ಕೇಳಿದ್ದಕ್ಕ ಹಗಲೂ ರಾತ್ರಿ ಫೋನ್ ಮಾಡಾಕ ಶುರು ಮಾಡಿದಾ. ಕೆಲಸಾ ಬಿಟ್ಟೆ, ನಂಬರ್ ಬದಲಿ ಮಾಡಿದೆ, ಮೇಲ್ ಬದಲಿ ಮಾಡಿದೆ. ಈಗ ನೋಡ್ರಿ, ನಿನ್ನಿ ಹನ್ನೊಂದು ಸಲ ಮಾಡ್ಯಾನ. ಕಡೀಕೆ ನಿಮ್ಮ ಕಗ್ಗದಾಸಪುರದ ರೈಲ್ವೆ ಗೇಟಿನ ಹತ್ರನ ನಿಂತೀನಿ ಅಂದಾ."

ಆತ ಕೈಪಿಡಿಯ ಗೆರೆ ನೋಡಿಯೇ ಇವರ ಕೈ ಎಂದು ಗುರುತಿಸಿದ್ದ. ಯಾರು ಮಾಡಿದ್ದು ಎಂದು ಕೇಳಿದ್ದು ಬರೀ ನಾಟಕ. ಅವನಿಗೆ ಬೇಕಿದ್ದದ್ದು ವಿಳಾಸ, ಅದನ್ನು ಬಂಗಾರದ ತಟ್ಟೆಯಲ್ಲಿಟ್ಟು ಕೊಟ್ಟವನು ನಾನು.

"ನನಗೆ ಗೊತ್ತಿರ್ಲಿಲ್ಲ ಮೇಡಂ" ಎಂದೆ.

"ಗೊತ್ತಿರಬೇಕು ಅಂತ ನಾ ಅನ್ನಂಗಿಲ್ಲರಿ. ಒಂದ್ ಮಾತು ಕೇಳಬೇಕಿತ್ತು. ಅವನ ಎದುರಿಗೇ, ನಿಮ್ಮ ಎದುರಿಗೇ, ನಾ ಹೆಂಗ ಬ್ಯಾಡ ಅನ್ನಲಿ? ಬ್ಯಾಡ ಅನ್ನಾಕ ನೀವು ನನಗ ಜಾಗಾನ ಬಿಡಲಿಲ್ಲ."

ಆಫೀಸಿಗೆ ಹೋದವನೇ ಆತನಿಗೆ ಫೋನ್ ಮಾಡಿ ಕೂಗಾಡಿದೆ. ಆತ ನಕ್ಕ. "ಯಾಕ್ ಸರ್ ಟೆನ್ಷನ್? ಮೇಲ್ ಕಳ್ಸಿದ್ದು ನೀವೇ ಅಲ್ವಾ?" ಆ ನಗು ಕಿವಿಯಲ್ಲಿ ಲೋಳೆಯ ಹಾಗೆ ಅಂಟಿಕೊಂಡಿತು. ಆತ ಹೇಳಿದ್ದು ನಿಜ. ಫೋನಿಟ್ಟೆ.

ಬೆಳಿಗ್ಗೆ ಬಾಗಿಲಲ್ಲಿ ಆಡಿದ ಮಾತನ್ನೆಲ್ಲ ಅಮ್ಮ ಒಳಗಿನಿಂದ ಕೇಳಿಸಿಕೊಂಡಿದ್ದಳು. ರಾತ್ರಿ ಊಟಕ್ಕೆ ಬಡಿಸುತ್ತಾ ಬೆಂಡೆತ್ತಿದಳು. "ಓದಿದವನಂತೆ! ಸಂಬಂಧ ನೋಡೋವಾಗ ಗಂಡಿನ ಕಡೆಯೋರನ್ನ ನೇರ ಹೆಣ್ಣಿನ ಮನೆ ಬಾಗಿಲಿಗೆ ಕರ್ಕೊಂಡು ಹೋಗಿ ನಿಲ್ಲಿಸ್ತಾರೇನೋ? ಅಲ್ಲೊಂದ್ಸಲ ಇಲ್ಲೊಂದ್ಸಲ ಬೇರೆ ಬೇರೆ ಕೇಳ್ತಾರೆ. ಬೇಡ ಅನ್ನೋದಾದ್ರೆ ಜಾತಕ ಕೂಡಲಿಲ್ಲ ಅಂದು ಮುಗಿಸ್ತಾರೆ. ಇಬ್ಬರ ಮರ್ಯಾದೇನೂ ಉಳಿಯುತ್ತೆ. ಅಷ್ಟೂ ತಿಳೀದಾ ನಿನಗೆ?"

ತಿಳಿದಿತ್ತು. ಅದು ಮದುವೆಗೆ ಮಾತ್ರ ಎಂದುಕೊಂಡಿದ್ದೆ.

ತಿಂಗಳು ಮುಗಿಯುವ ಮೊದಲೇ ಅವರು ಮನೆ ಖಾಲಿ ಮಾಡಿದರು. ಎಲ್ಲಿಗೆ ಎಂದು ನಮ್ಮ ಬೀದಿಯಲ್ಲಿ ಯಾರಿಗೂ ಹೇಳಲಿಲ್ಲ, ನನಗಂತೂ ಹೇಳುವ ಮಾತೇ ಇಲ್ಲ. ಒಪ್ಪಿಕೊಂಡಿದ್ದ ಚಿತ್ರಗಳನ್ನು ಮಾತ್ರ ಒಂದು ಹೊಸ ಮೇಲ್ ವಿಳಾಸದಿಂದ ಕಳಿಸಿದರು. ಅದರಲ್ಲಿ ಫೋನ್ ನಂಬರ್ ಇರಲಿಲ್ಲ. ಕೆಳಗೆ ಒಂದು ಸಾಲು: ಈ ವಿಳಾಸ ನಿಮಗಷ್ಟೇ.

ಒಂದೆರಡು ವರ್ಷ ಕಳೆದ ಮೇಲೆ ಹಲಸೂರಿನಲ್ಲಿ ಮಕ್ಕಳ ವಿಜ್ಞಾನ ಪುಸ್ತಕ ತರುತ್ತಿದ್ದ ಒಬ್ಬ ಸಂಪಾದಕಿ ಚಿತ್ರಕಾರರು ಬೇಕೆಂದು ಕೇಳಿದರು. ಒಳ್ಳೆಯ ಹೆಂಗಸು, ಒಳ್ಳೆಯ ಕೆಲಸ, ಚಿತ್ರ ಬರೆದವರ ಹೆಸರು ಮುಖಪುಟದ ಮೇಲೇ. ಹಳೆಯ ಪಾಪ ತೊಳೆಯುವ ಅವಕಾಶ ಬಂತೆಂದು ಮನಸ್ಸು ಹಿಗ್ಗಿತು. ಆದರೂ ಹೆಸರು ಹೇಳಲಿಲ್ಲ. "ಒಬ್ರಿದ್ದಾರೆ ಮೇಡಂ. ಕೇಳ್ತೀನಿ. ಒಪ್ಪಿದ್ರೆ ಇಬ್ಬರನ್ನೂ ಸೇರಿಸಿ ಬರೀತೀನಿ. ಕೆಲಸದ ಬಗ್ಗೆ ನಾಲ್ಕು ಸಾಲು ಬರೆದುಕೊಡಿ, ಅವರಿಗೆ ತೋರಿಸ್ತೀನಿ" ಎಂದೆ.

ಆ ನಾಲ್ಕು ಸಾಲನ್ನು ಅವರೊಬ್ಬರಿಗೇ ಕಳಿಸಿದೆ. ಸಂಪಾದಕಿ ಯಾರು, ನನಗೆ ಹೇಗೆ ಪರಿಚಯ ಎಂದೂ ಬರೆದೆ. ನಿಮ್ಮ ಹೆಸರನ್ನು ಅವರಿಗೆ ಹೇಳಿಲ್ಲ, ಬೇಡವಾದರೆ ಕಾರಣ ಬೇಕಿಲ್ಲ, ಉತ್ತರ ಬರದಿದ್ದರೂ ಬೇಡವೆಂದೇ ತಿಳಿಯುತ್ತೇನೆ. ಈ ಸಲ ಒಂದೂ ಹೊಗಳಿಕೆಯ ಮಾತಿಲ್ಲ.

ನಾಲ್ಕು ದಿನ ಉತ್ತರವಿಲ್ಲ. ಇನ್ನೊಂದು ಬರೆಯಲು ಕೈ ತುರಿಸುತ್ತಿತ್ತು. ಐದನೆಯ ದಿನ ಬಂತು. "ಬ್ಯಾಡ್ರಿ. ಕೇಳಿದ್ದು ಛಲೋ ಆತು."

ನಾಚಿಕೆಯ ಸಂಗತಿ ಹೇಳಿಬಿಡುತ್ತೇನೆ: ನನಗೆ ಮೊದಲು ಬಂದದ್ದು ಸಿಟ್ಟು. ಇಂಥ ಕೆಲಸವನ್ನೂ ಬೇಡ ಅನ್ನುವುದೇ? ಒಂದು ಸಲ ಭೇಟಿಯಾದರೆ ಇವರ ಗಂಟೇನು ಹೋಗುತ್ತಿತ್ತು? ಹಾಗೆ ಅಂದುಕೊಂಡ ಮರುಕ್ಷಣವೇ, ಗೇಟಿನ ಹತ್ತಿರ ನಿಂತಿದ್ದವನೂ ಹೀಗೇ ಅಂದುಕೊಂಡಿರಬೇಕು ಎನ್ನಿಸಿ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸಂಪಾದಕಿಗೆ ಫೋನ್ ಮಾಡಿ, ಅವರಿಗೆ ಆಗುವುದಿಲ್ಲವಂತೆ ಎಂದೆ.

"ಅಯ್ಯೋ, ಯಾರು ಅಂತ ಹೇಳಿ, ನಾನೇ ಒಂದ್ಸಲ ಮಾತಾಡಿ ಒಪ್ಪಿಸ್ತೀನಿ. ಹೆಂಗಸರು ಹೆಂಗಸರು ಮಾತಾಡ್ಕೋತೀವಿ ಬಿಡ್ರೀ."

"ಹೇಳಕ್ಕಾಗಲ್ಲ ಮೇಡಂ."

"ನಾನೇನು ತಿಂದ್ಬಿಡ್ತೀನಾ ಅವರನ್ನ?" ಅವರ ದನಿ ಗಡುಸಾಯಿತು. "ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ನಿಮಗೆ?"

ನಂಬಿಕೆ ಇತ್ತು. ಆಕೆ ಒಳ್ಳೆಯವರೆಂದು ಆಣೆ ಮಾಡಿ ಹೇಳಬಲ್ಲೆ. ಹೆಸರು ಮಾತ್ರ ಹೇಳಲಿಲ್ಲ. ಅವರು ಫೋನಿಟ್ಟರು, ಮತ್ತೆಂದೂ ನನಗೆ ಮಾಡಲಿಲ್ಲ.