ಅಂಬಾಬಾಯಿಯನ್ನು ನಾನು ಕೇಳದೆ ಬಿಟ್ಟದ್ದು

ಅಂಬಾಬಾಯಿ ಎಂಬ ಹೆಸರು ನಾನು ಇಟ್ಟದ್ದು. ನಿಜವಾದ ಹೆಸರು ಬರೆಯುವ ಹಾಗಿಲ್ಲ. ಯಾದಗಿರಿ ಕಡೆಯವರು. ಇಪ್ಪತ್ತೆರಡು ವರ್ಷದಿಂದ ಪುಣೆಯಲ್ಲಿ ಇಟ್ಟಿಗೆ ಹೊತ್ತಿದ್ದಾರೆ, ಗೋಡೆಗೆ ಗಾರೆ ಬಳಿದಿದ್ದಾರೆ. ಈಗ ಇರುವುದು ಅಲ್ಲಿನ ಹಡಪಸರದಲ್ಲಿ, ಕಟ್ಟಡದ ಕೆಲಸದವರ ತಗಡಿನ ಶೆಡ್ಡುಗಳಲ್ಲೊಂದರಲ್ಲಿ. ಗಂಡ ಬಿಟ್ಟುಹೋಗಿ ಬಹಳ ವರ್ಷವಾಯಿತು. ಇದ್ದವಳು ಒಬ್ಬಳೇ ಮಗಳು, ದುರ್ಗಾ. ಅವಳು ಹತ್ತೊಂಬತ್ತನೆಯ ವಯಸ್ಸಿಗೆ ಡೆಂಗಿ ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡಿದ್ದಳು. ಅದಾಗಿ ಒಂದು ವರ್ಷ ನಾಲ್ಕು ತಿಂಗಳಾಗಿತ್ತು.

ನಾನು ಸಿಂಧು, ಮೈಸೂರಿನವಳು. ಪುಣೆಯ ಶಿವಾಜಿನಗರದ ಸಣ್ಣ ಕೇಂದ್ರವೊಂದರಲ್ಲಿ ಆಪ್ತಸಮಾಲೋಚನೆ ಕಲಿಯುತ್ತಿದ್ದೆ. ಕಲಿಯುವವರಲ್ಲಿ ಕನ್ನಡ ಬರುವವಳು ನಾನೊಬ್ಬಳೇ ಎಂದು ಅಂಬಾಬಾಯಿಯನ್ನು ನನಗೆ ಒಪ್ಪಿಸಿದರು. ವೈದ್ಯರ ಚೀಟಿಯಲ್ಲಿ ‘ಖಿನ್ನತೆ ಇರಬಹುದು’ ಎಂದಿತ್ತು.

ನಾಲ್ಕು ಸಲ ಮಾತಾಡಿದ ಮೇಲೆ, ಶುಕ್ರವಾರದ ಚರ್ಚೆಯಲ್ಲಿ ಅವರ ವಿಷಯ ಮಂಡಿಸಿದೆ. ನಮಗೆ ಕಲಿಸುವ ಅನಂತರಾಮು ಸರ್ ಎದುರಿಗೆ ಕೂತಿದ್ದರು.

“ನಿದ್ದೆ ಇಲ್ಲ, ಅಳು, ಹಬ್ಬಕ್ಕೂ ಯಾರ ಮನೆಗೂ ಹೋಗಲ್ಲ. ಖಿನ್ನತೆಯೇ ಅಲ್ವಾ?” ಎಂದ ಜೊತೆಗಾರ ರಿತೇಶ್.

ನಾನು ಅದಕ್ಕೇ ಕಾದಿದ್ದೆ. “ಅಲ್ಲ. ಖಿನ್ನತೆಯಲ್ಲಿ ಯಾವುದರಲ್ಲೂ ರುಚಿ ಇರಲ್ಲ, ತಾನೇ ಕೆಲಸಕ್ಕೆ ಬಾರದವಳು ಅನ್ನಿಸುತ್ತೆ. ಇವರು ಹಾಗಲ್ಲ. ‘ನನ್ನಂಗ ಗೋಡಿಗೆ ಗಿಲಾವ್ ಮಾಡೋರು ಈ ಸೈಟಿನಾಗ ಯಾರೂ ಇಲ್ರಿ’ ಅಂತಾರೆ. ಮಗಳು ಕೂಲಿಯವರ ಮೇಲಿನ ಮುಕಾದಮನ ಜೊತೆ ಜಗಳ ಆಡಿದ್ದು ಹೇಳುವಾಗ ನಗ್ತಾರೆ. ನೋವೆಲ್ಲ ಮಗಳ ಸುತ್ತಲೇ. ದಿನವೂ ಅವಳದ್ದೇ ಹಂಬಲ. ಅವಳು ಸತ್ತಿದ್ದಾಳೆ ಅಂತ ಈಗಲೂ ನಂಬಿಕೆ ಬಂದಿಲ್ಲ. ಮಗಳು ತೀರಿಕೊಂಡ ಆಸ್ಪತ್ರೆಯ ರಸ್ತೆ ತಪ್ಪಿಸಿ ಸುತ್ತು ಹಾಕಿ ಹೋಗ್ತಾರೆ. ಅವಳಿಲ್ಲದೆ ನಾನು ಯಾರು ಅಂತ ಕೇಳ್ತಾರೆ. ವರ್ಷ ದಾಟಿದೆ. ಅವರ ಜನರಲ್ಲೇ ಯಾರೂ ಇಷ್ಟು ದಿನ ಹೀಗೆ ಶೋಕ ಮಾಡಲ್ಲ ಅಂತ ಪಕ್ಕದ ಶೆಡ್ಡಿನ ಕಲ್ಲವ್ವನೂ ಹೇಳಿದ್ರು. ಇದು ದೀರ್ಘಕಾಲದ ಶೋಕದ ಕಾಯಿಲೆ.”

“ಚೆನ್ನಾಗಿ ಬಿಡಿಸಿದ್ದೀಯ,” ಎಂದರು ಸರ್. “ಎರಡೂ ಒಟ್ಟಿಗೆ ಇರುವುದೂ ಉಂಟು. ಆದರೆ ನೀನು ಹೇಳಿದ್ದು ನೋಡಿದರೆ ಇಲ್ಲಿ ಶೋಕವೇ.”

ನಾನು ಹಿಗ್ಗಿದೆ. ರಿತೇಶನ ಕಡೆ ಒಂದು ನೋಟ ಬೀರಿದ್ದೂ ಹೌದು, ನಾಚಿಕೆಗೇಡು.

“ಕೊನೆಯ ಸಲ ಹೇಗೆ ಬೀಳ್ಕೊಂಡರು?” ಎಂದು ಸರ್ ಕೇಳಿದರು.

“ಖುಷಿಯಾಗಿಯೇ ಸರ್. ಸ್ಟೀಲ್ ಡಬ್ಬಿ ತುಂಬ ಶೇಂಗಾ ಚಟ್ನಿ ತಂದಿದ್ರು. ಡಬ್ಬಿ ವಾಪಸ್ ಕೊಡೋದು ಬೇಡ ಅಂದ್ರು.”

ಸರ್ ಪೆನ್ನು ಕೆಳಗಿಟ್ಟರು. “ನಮ್ಮ ಹೆಣ್ಮಕ್ಕಳು ಚಟ್ನಿ ಕೊಡ್ತಾರೆ. ಡಬ್ಬಿ ಯಾವತ್ತಾದರೂ ಬಿಟ್ಟುಕೊಟ್ಟಿದ್ದಾರೇನು? ಸಾಯೋ ಯೋಚನೆ ಇದೆಯಾ ಅಂತ ಕೇಳಿದ್ದೀಯಾ?”

“ಇಲ್ಲ ಸರ್. ಖಿನ್ನತೆ ಅಲ್ವಲ್ಲ ಅಂತ...”

ಸರ್ ನನ್ನ ಮಾತು ಮುಗಿಯಲು ಬಿಡಲಿಲ್ಲ.

“ಖಿನ್ನತೆಯವರಿಗೆ ಎಷ್ಟೋ ಸಲ ನಾನು ಬದುಕೋಕೆ ಲಾಯಕ್ಕಿಲ್ಲ ಅಂತ ಸಾಯಬೇಕೆನಿಸುತ್ತೆ. ಇವರಿಗೆ ಮಗಳ ಹತ್ತಿರ ಹೋಗಬೇಕೆನಿಸುತ್ತೆ. ಕಾರಣ ಬೇರೆ, ಅಪಾಯ ಒಂದೇ. ಫೋನ್ ಮಾಡು. ಈಗಲೇ. ನೇರವಾಗಿ ಕೇಳು.”

ಸರ್ ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ದರು. ನಾಲ್ಕನೆಯ ರಿಂಗಿಗೆ ಅಂಬಾಬಾಯಿ ಎತ್ತಿದರು. ಅವರ ದನಿ ಕೇಳಿ ನನಗೆ ಅಳುವೇ ಬಂತು.

“ಅಂಬಾಬಾಯಿ, ಸಾಯಬೇಕು ಅಂತ ಯೋಚನೆ ಮಾಡ್ತಿದ್ದೀರಾ?”

“ಹೌದ್ರಿ ಬಾಯಿ,” ಎಂದರು, ಊಟ ಆಯಿತೆಂದು ಹೇಳುವಷ್ಟು ಸಲೀಸಾಗಿ. “ನಾಳೆ ಅಮಾವಾಸ್ಯೆ ಅದ. ದುರ್ಗಾನ ಹಂತೇಕ ಹೋಗ್ತೀನ್ರಿ.”

ಕಲ್ಲವ್ವನ ಕೈಗೆ ಫೋನ್ ಕೊಡಿಸಿದೆ. ಒಂದು ಕ್ಷಣವೂ ಬಿಟ್ಟು ಕದಲಬೇಡಿ ಎಂದೆ. ಸರ್ ತಮ್ಮ ಫೋನಿನಲ್ಲಿ ತಮಗೆ ಗೊತ್ತಿದ್ದ ಆಸ್ಪತ್ರೆಯೊಂದರ ಮನೋವೈದ್ಯರಿಗೆ ಹೇಳಿಟ್ಟರು. ಇಬ್ಬರೂ ರಿಕ್ಷಾ ಹತ್ತಿದೆವು. ಹಡಪಸರದ ಟ್ರಾಫಿಕ್ಕಿಗೆ ಅವತ್ತು ನಾನು ಹಾಕಿದ ಶಾಪ ಇನ್ಯಾವತ್ತೂ ಹಾಕಿಲ್ಲ. ಇನ್ನೂ ಹತ್ತು ನಿಮಿಷ, ಇನ್ನೂ ಹತ್ತು ನಿಮಿಷ ಎಂದು ರಿಕ್ಷಾದವನು ಹೇಳುತ್ತಲೇ ಇದ್ದ.

ಶೆಡ್ಡಿನ ಬಾಗಿಲಲ್ಲಿ ಕಲ್ಲವ್ವ ಅಂಬಾಬಾಯಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಒಳಗೆ ಒಂದು ಪಾತ್ರೆಯೂ ಇರಲಿಲ್ಲ. ಎಲ್ಲವನ್ನೂ ಅಕ್ಕಪಕ್ಕದವರಿಗೆ ಹಂಚಿಯಾಗಿತ್ತು.

ನಾನು ಎದುರಿಗೆ ಕೂತೆ. ಆಸ್ಪತ್ರೆಗೆ ಹೋಗೋಣ ಎಂದಾಗ ಅಂಬಾಬಾಯಿ ಬೇಡ ಎನ್ನಲಿಲ್ಲ. ನನ್ನ ಮುಖ ನೋಡಿದರು.

“ನಾಕ ಸಲ ಬಂದೆ,” ಎಂದರು. “ನಿದ್ದಿ ಕೇಳಿದ್ರಿ, ಊಟ ಕೇಳಿದ್ರಿ, ಕೆಲಸ ಕೇಳಿದ್ರಿ. ಇದೊಂದು ಕೇಳ್ತೀರೇನು ಅಂತ ಪ್ರತೀ ಸಲ ಬಾಗಲತನಕ ಕಾದೇನ್ರಿ.”