ಬಯ್ಗುಳವಿಲ್ಲದ ಮೇಲ್ಮನವಿ

ಪ್ರಯೋಗಾಲಯದ ಆ ಟೆಕ್ನಿಷಿಯನ್‌ಗೆ ಮೂಗಿನ ತುದಿಯಲ್ಲೇ ಕೋಪ. ವಾರ್ಷಿಕ ಮೌಲ್ಯಮಾಪನದಲ್ಲಿ ಮೇಲ್ವಿಚಾರಕ ಅವಳಿಗೆ ‘ಸಾಧಾರಣ’ ದರ್ಜೆ ಕೊಟ್ಟು, ‘ವರದಿಗಳು ಸದಾ ತಡ’ ಎಂದು ಷರಾ ಬರೆದಿದ್ದ. ನಿರ್ದೇಶಕರಿಗೆ ಮೇಲ್ಮನವಿ ಎಂದು ಅವಳು ಪುಟಗಟ್ಟಲೆ ಗೀಚಿದಳು. ಅದರ ತುಂಬಾ ಅವನ ಹೊಟ್ಟೆಕಿಚ್ಚು, ಅವನ ಚಮಚಾಗಳು.

ಬೇರೊಂದು ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿದ್ದ ವಾರಗಿತ್ತಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಆದರೂ ಹಲ್ಲು ಕಚ್ಚಿಕೊಂಡು ಅವಳಿಗೇ ತೋರಿಸಿದಳು. ವಾರಗಿತ್ತಿ ಅಷ್ಟನ್ನೂ ಹೊಡೆದುಹಾಕಿದಳು.

“ಅವನ ಹೊಟ್ಟೆಕಿಚ್ಚಿಗೆ ಸಾಕ್ಷಿ ಇದ್ಯಾ?”

“ಇಲ್ಲ ಅಕ್ಕ. ಆದ್ರೆ ವರದಿ ತಡ ಆಗಿಲ್ಲ. ಪ್ರತಿಯೊಂದರ ಮೇಲೂ ಅವನದೇ ಸಹಿ, ತಾರೀಕು ಇದೆ.”

“ಹಾಗಿದ್ರೆ ಅವನ ಷರಾನ ಇದ್ದ ಹಾಗೇ ಬರಿ. ಆ ವರದಿಗಳ ನಕಲು ಲಗತ್ತಿಸು. ಮರುಪರಿಶೀಲಿಸಿ ದರ್ಜೆ ತಿದ್ದಬೇಕು ಅಂತ ಕೇಳು, ಅಷ್ಟೇ. ಗಡುವಿನೊಳಗೆ, ನಿಯಮದ ಪ್ರಕಾರ ಅವನ ಮೂಲಕವೇ ಕಳಿಸು. ನಾಲಿಗೆ ಮಾತ್ರ ಮನೇಲೇ ಬಿಟ್ಟು ಹೋಗು.”

ಮೇಲ್ವಿಚಾರಕ ಮನವಿಯನ್ನು ಮತ್ತೆ ಮತ್ತೆ ಓದಿದ. ‘ಉದ್ಧಟತನ’ ಎಂದು ಅಭಿಪ್ರಾಯ ಬರೆಯಲು ಪೆನ್ನು ತೆರೆದೇ ಕೂತಿದ್ದ. ಬಯ್ಗುಳ ಒಂದೂ ಸಿಗಲಿಲ್ಲ; ಹಾಳೆ ಹಾಳೆಗೂ ಸಿಕ್ಕಿದ್ದು ಅವನದೇ ಸಹಿ. ಕೊನೆಗೆ ‘ನಿರ್ದೇಶಕರಿಗೆ ರವಾನಿಸಿದೆ’ ಎಂದು ಬರೆದು, ಕೆಳಗೆ ಇನ್ನೊಂದು ಸಹಿ ಹಾಕಿದ.