ಖಾಲಿ ಬಿಟ್ಟ ತಿಂಗಳುಗಳು

ನೀಲಗಿರಿಯ ದೇವಾಲದ ಟೀ ಎಸ್ಟೇಟ್ ಆಫೀಸಿನ ಆ ಬೆಳಿಗ್ಗೆಯನ್ನು ನೆನೆದಾಗಲೆಲ್ಲ ಕಿಟಕಿಯಾಚೆ ಮಂಜು ಇರುತ್ತದೆ. ನಿಜಕ್ಕೂ ಇತ್ತೋ, ನಾನೇ ಆಮೇಲೆ ತಂದು ನಿಲ್ಲಿಸಿದೆನೋ. ಜೀಪಂತೂ ಇತ್ತು. ಕಾಗದದ ಕಟ್ಟು ಕೊಯಮತ್ತೂರು ಬಸ್ಸಿಗೆ ಮುಟ್ಟಬೇಕೆಂದು ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದ.

ತೋಟ ಕೈ ಬದಲಾಗುತ್ತಿತ್ತು. ಹೊಸ ಯಜಮಾನರಿಗೆ ಫ್ಯಾಕ್ಟರಿಯ ಪ್ರತಿಯೊಬ್ಬರ ಬಗ್ಗೆಯೂ ಒಂದು ಪುಟದ ಸಾರಾಂಶ ಬೇಕಿತ್ತು: ಯಾವ ಕೆಲಸ ಬರುತ್ತದೆ, ಎಷ್ಟು ಕಾಲದಿಂದ, ಹಾಜರಿ ಹೇಗೆ. ಅದನ್ನು ನೋಡಿ ಯಾರು ಒಳಗೆ ಉಳಿಯುವುದು, ಯಾರು ಮತ್ತೆ ಗುಡ್ಡಕ್ಕೆ ಎಲೆ ಕೀಳಲು ಹೋಗುವುದು ಎಂಬ ತೀರ್ಮಾನ. ಆ ಸಾರಾಂಶ ಬರೆಯುವವರು ಕೊಯಮತ್ತೂರಿನ ಒಂದು ಆಫೀಸಿನವರು. ಅವರಿಗೆ ಯಾರ ಗುರುತೂ ಬೇಕಿರಲಿಲ್ಲ. ದಾಖಲೆಗಳ ಜೆರಾಕ್ಸ್ ಮೇಲೆ ಬೇಡದ್ದನ್ನು ಮುಚ್ಚುವುದು ಗುಮಾಸ್ತನಾದ ನನ್ನ ಕೆಲಸ, ಸರಿ ನೋಡುವುದು ಹೆಡ್ ಕ್ಲರ್ಕ್ ಕೆಲಸ. ಹೆಸರು, ತಂದೆಯ ಹೆಸರು, ಪಿ.ಎಫ್. ನಂಬರು, ಕೂಲಿಗಳ ಲೈನ್ ಮನೆಯ ನಂಬರು ಹೋದವು. ಅದರ ಬದಲು ನಾವೇ ಕೊಟ್ಟ ಹೊಸ ಅಂಕಿ. ಯಾವ ಅಂಕಿ ಯಾರದೆಂಬ ಹಾಳೆ ಹೆಡ್ ಕ್ಲರ್ಕ್ ಡ್ರಾಯರಿನಲ್ಲಿ ಬೀಗದೊಳಗೆ.

ಕಪ್ಪು ಶಾಯಿ ಬಳಿದದ್ದನ್ನು ಬೆಳಕಿಗೆ ಹಿಡಿದರೆ ಅಕ್ಷರ ಕಾಣುತ್ತಿತ್ತು. ಆದ್ದರಿಂದ ಬಿಳಿ ಕಾಗದ ಅಂಟಿಸಿ, ಮತ್ತೆ ಜೆರಾಕ್ಸ್ ಮಾಡಿ, ಆ ಎರಡನೆಯ ನಕಲನ್ನು ಮಾತ್ರ ಕಳಿಸುವುದೆಂದಾಯಿತು.

ಆಗ ಬಂದವರು ತೋಟದ ಆಸ್ಪತ್ರೆಯ ಸಿಸ್ಟರ್. ಫ್ಯಾಕ್ಟರಿಯಲ್ಲಿ ಟೀ ಪುಡಿ ಸೋಸುವ ಜರಡಿ ಕೋಣೆಯ ಒಬ್ಬ ಅಕ್ಕನಿಗೆ ಹಿಂದೆ ಟಿ.ಬಿ. ಆಗಿತ್ತು. ಔಷಧಿ ಪೂರ್ತಿ ಮುಗಿಸಿ ಗುಣವಾಗಿ ವಾಪಸು ಬಂದಿದ್ದಳು. ಆದರೆ ಬುಟ್ಟಿ ಹೊತ್ತು ಗುಡ್ಡ ಹತ್ತುವ ಎದೆ ಅವಳಿಗೆ ಉಳಿದಿರಲಿಲ್ಲ. ಜರಡಿ ಕೋಣೆ ತಪ್ಪಿದರೆ ಕೆಲಸವೇ ತಪ್ಪಿದಂತೆ.

"ಆಸ್ಪತ್ರೆ ಕಾಗದ ಒಂದೂ ಹೋಗಬಾರದು ಸಾರೇ. ಟಿ.ಬಿ. ಅಂತ ಓದಿದರೆ ಟೀ ಪುಡಿ ಹತ್ತಿರ ಬಿಡ್ತಾರಾ?"

"ಎಲ್ಲ ತೆಗೆದಾಯ್ತು ತಾಯಿ," ಎಂದರು ಹೆಡ್ ಕ್ಲರ್ಕ್. "ನಾವೇನು ಹಟ್ಟಿಗೆಲ್ಲ ಡಂಗುರ ಹೊಡೀತೀವಾ?"

ನಾನು ಆ ಅಕ್ಕನ ಕಡತವನ್ನು ಹೊರಗಿನವನಂತೆ ಗಟ್ಟಿಯಾಗಿ ಓದಿದೆ. ಜರಡಿ ಕೆಲಸ, ಅನುಭವ ಬಹಳ ವರ್ಷದ್ದು. ಆಮೇಲೆ ತಿಂಗಳುಗಟ್ಟಲೆ ಗೈರು. ಕಾರಣವಿಲ್ಲ.

ಕಾಯಿಲೆಯನ್ನು ತೆಗೆದು ನಾವು ಅವಳನ್ನು ಕೆಲಸಗಳ್ಳಿ ಮಾಡಿದ್ದೆವು.

"ಕಾಯಿಲೆ ರಜೆ ಅಂತ ಬರೆ ತಂಬಿ," ಎಂದರು ಹೆಡ್ ಕ್ಲರ್ಕ್.

"ಅಷ್ಟು ಉದ್ದದ ಕಾಯಿಲೆ ಯಾವುದು ಅಂತ ಕೇಳಲ್ವಾ ಅಣ್ಣ?"

"ಹಂಗಾರೆ ಮಂಜೂರಾದ ರಜೆ. ರಜೆ ಕೊಟ್ಟದ್ದು ಸುಳ್ಳಾ? ನಾನೇ ಬರೆದದ್ದು."

ಸುಳ್ಳಲ್ಲ. ಆದರೆ ಕೆಳಗೆ ಕೂಲಿಯ ಸಾಲು ಹಾಗೇ ಇತ್ತು. ಮೊದಲ ವಾರಗಳಲ್ಲಿ ಕೂಲಿಯ ಜಾಗದಲ್ಲಿ ಕಾಯಿಲೆ ಭತ್ಯೆ, ಮಾಮೂಲಿಗಿಂತ ಕಡಿಮೆ ಮೊತ್ತ. ತೋಟ ಬಲ್ಲವರು ನೋಡಿದರೆ ಸಾಕು, ಕಾಯಿಲೆಯೆಂದು ತಿಳಿದುಬಿಡುತ್ತಿತ್ತು. ಕೂಲಿ ಇರಲೇಬೇಕೆಂದು ಹೆಡ್ ಕ್ಲರ್ಕ್ ಹಟ ಹಿಡಿದರು.

"ಯಜಮಾನರಿಗೆ ಕೂಲಿಯ ಒಟ್ಟು ಲೆಕ್ಕ ಬೇರೆ ಹೋಗ್ತದಲ್ಲ? ಸಾರಾಂಶಕ್ಕೆ ಅದ್ಯಾಕೆ ಅಣ್ಣ?"

ಹೆಡ್ ಕ್ಲರ್ಕ್ ಆ ಸಾಲಿನ ಮೇಲೆ ತಾವೇ ಬಿಳಿ ಕಾಗದ ಅಂಟಿಸಿದರು.

ಸಿಸ್ಟರ್ ಇನ್ನೂ ಹೋಗಿರಲಿಲ್ಲ. "ಇವಳೊಬ್ಬಳಿಗೇ ಹೀಗೆ ಮಾಡಿದರೆ, ಇಲ್ಲೇನೋ ಮುಚ್ಚಿದ್ದಾರೆ ಅಂತ ತಿಳಿಯಲ್ವಾ?"

ಮಿಕ್ಕವರ ಕಡತಗಳಲ್ಲಿ ಹೆರಿಗೆ ಹೆರಿಗೆಯಾಗಿತ್ತು, ಮುರಿದ ಕಾಲು ಮುರಿದ ಕಾಲಾಗಿತ್ತು. ಅವರ ಹೊಟ್ಟೆ, ಕಾಲುಗಳನ್ನು ಊರಿಗೆ ತೋರಿಸುವ ಹಕ್ಕೂ ನಮಗಿರಲಿಲ್ಲ. ಈ ಮಾತು ಆಗಲೇ ಹೊಳೆಯಿತೇ, ಈಗ ಬರೆಯುವಾಗ ಹೊಳೆದಿದೆಯೇ, ಹೇಳಲಾರೆ. ಕಟ್ಟನ್ನೆಲ್ಲ ಬಿಚ್ಚಿದೆವು. ಎಲ್ಲರಿಗೂ ಒಂದೇ ಮಾತು: ಮಂಜೂರಾದ ರಜೆ. ಎಲ್ಲರ ಕೂಲಿಯ ಸಾಲನ್ನೂ ಮುಚ್ಚಿದೆವು. ಜೆರಾಕ್ಸ್ ಯಂತ್ರ ಬಿಸಿಯಾಗಿ ವಾಸನೆ ಹೊಡೆಯಿತು. ಜೀಪು ಹೋಗಿಯೇಬಿಟ್ಟಿತು.

"ನಾಳೆ ಬಸ್ಸಿಲ್ವಾ?" ಎಂದರು ಹೆಡ್ ಕ್ಲರ್ಕ್, ಯಾರ ಮುಖವನ್ನೂ ನೋಡದೆ.

ಸಾರಾಂಶಗಳು ಬಂದವು. ಅವಳು ಜರಡಿ ಕೋಣೆಯಲ್ಲೇ ಉಳಿದಳು. ಏನು ಬರೆದಿದ್ದಾರೆಂದು ಕೇಳಲು ಬಂದಾಗ ಡ್ರಾಯರಿನ ಹಾಳೆಯ ಅಂಕಿ ನೋಡಿ ಅವಳ ಪುಟವನ್ನು ಓದಿ ಹೇಳಿದೆ: ಜರಡಿಯಲ್ಲಿ ನುರಿತವರು, ಮಂಜೂರಾದ ರಜೆ ಬಿಟ್ಟರೆ ಹಾಜರಿ ಉತ್ತಮ.

"ಯಾರ ಕಾಗದ ಅದು?" ಎಂದಳು. "ಪೇರೇ ಇಲ್ಲವಲ್ಲ, ನನ್ನ ಹೆಸರು. ನಿನ್ನ ಹೆಂಡತಿದಾ?"

ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಹೊಸ ಯಜಮಾನರ ಮನುಷ್ಯ ಪಕ್ಕದ ಕೋಣೆಯಲ್ಲಿದ್ದ. ಬಾಗಿಲು ತೆರೆದೇ ಇತ್ತು.

"ಧೂಳು," ಎಂದರು ಹೆಡ್ ಕ್ಲರ್ಕ್ ಗಟ್ಟಿಯಾಗಿ, ಯಾರೂ ಕೇಳದಿದ್ದರೂ. "ಟೀ ಧೂಳು."